ನಿನ್ನೆಯ ವ್ಯಾಲ್ಯೂ ಏರಿಯಾ, ಇವತ್ತಿನ ಮೊದಲ ಗಂಟೆ: ಡೇ ಟ್ರೇಡರ್‌ಗಳಿಗೆ ಮಾರ್ಕೆಟ್ ಪ್ರೊಫೈಲ್ ಸಮಗ್ರ ಮಾರ್ಗದರ್ಶಿ

ಮಾರ್ಕೆಟ್ ಪ್ರೊಫೈಲ್ ಹಾಕಿಕೊಂಡ ಹೆಚ್ಚಿನವರು ಸ್ಕ್ರೀನ್ ಮೇಲೆ ಬಂದ ಗೆರೆಗಳನ್ನೇ ನಂಬಿ ಕೂರುತ್ತಾರೆ. ಆ ಗೆರೆ ಎಲ್ಲಿಂದ ಬಂತು, ಯಾವ ಲೆಕ್ಕದಿಂದ ಬಂತು ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಹಾಗಾಗಿ ಇಲ್ಲಿ ಒಂದು ದಿನದ ಪ್ರೊಫೈಲನ್ನು ಕೈಯಲ್ಲೇ ಕಟ್ಟೋಣ, ದಿನದ ಹೆಚ್ಚಿನ ಹೊತ್ತು ಬೆಲೆ ಇದ್ದ ಭಾಗವಾದ ವ್ಯಾಲ್ಯೂ ಏರಿಯಾವನ್ನು ನಾವೇ ಲೆಕ್ಕ ಹಾಕೋಣ, ಮಾರನೇ ದಿನ ಬೆಲೆ ಆ ಏರಿಯಾದ ಹೊರಗೆ ತೆರೆದು ಒಳಗೆ ವಾಪಸ್ ಬಂದರೆ ಏನು ಮಾಡಬೇಕು ಅಂತ ನೋಡೋಣ. ಪ್ರೊಫೈಲ್‌ನಲ್ಲಿ ಕಲಿಯಲು ಇನ್ನೂ ಬಹಳ ಇದೆ, ಆದರೆ ಡೇ ಟ್ರೇಡಿಂಗ್‌ಗೆ ಈ ಒಂದು ಸಂದರ್ಭ ಸರಿಯಾಗಿ ಗೊತ್ತಾದರೆ ಉಳಿದದ್ದು ಸುಲಭವಾಗಿ ಹಿಡಿತಕ್ಕೆ ಸಿಗುತ್ತದೆ.

ಈ ವಿಧಾನವನ್ನು ರೂಪಿಸಿದವರು ಶಿಕಾಗೊ ಬೋರ್ಡ್ ಆಫ್ ಟ್ರೇಡ್‌ನ ಟ್ರೇಡರ್ ಪೀಟರ್ ಸ್ಟೈಡಲ್‌ಮೇಯರ್. 1980ರ ದಶಕದಲ್ಲಿ ಆ ಎಕ್ಸ್‌ಚೇಂಜ್ ಮೂಲಕವೇ ಇದು ಎಲ್ಲರಿಗೂ ಸಿಕ್ಕಿತು. ಅವರ ಯೋಚನೆ ಸರಳ. ಮಾರುಕಟ್ಟೆ ಅಂದರೆ ಎರಡೂ ಕಡೆಯಿಂದ ನಡೆಯುವ ಹರಾಜು. ಒಂದು ಬೆಲೆಯಲ್ಲಿ ಜಾಸ್ತಿ ಹೊತ್ತು ವ್ಯವಹಾರ ನಡೆದರೆ ಕೊಳ್ಳುವವರೂ ಮಾರುವವರೂ ಆ ಬೆಲೆಯನ್ನು ಒಪ್ಪಿದ್ದಾರೆ ಅಂತ ಅರ್ಥ. ಬೆಲೆ ಒಂದು ಕಡೆ ಮುಟ್ಟಿ ತಕ್ಷಣ ಓಡಿಬಂದರೆ ಅಲ್ಲಿ ಒಪ್ಪಿಗೆ ಸಿಕ್ಕಿಲ್ಲ.

## ಅಕ್ಷರಗಳನ್ನು ಬರೆಯುವುದು

ದಿನದ ವ್ಯವಹಾರವನ್ನು ಅರ್ಧ ಅರ್ಧ ಗಂಟೆಯ ತುಂಡುಗಳಾಗಿ ಮಾಡಿ. ಮೊದಲ ಅರ್ಧ ಗಂಟೆಗೆ A, ಎರಡನೆಯದಕ್ಕೆ B, ಹೀಗೆ ಮುಂದಕ್ಕೆ. ಆರೂವರೆ ಗಂಟೆಯ ವ್ಯವಹಾರ ಇದ್ದರೆ A ಇಂದ M ವರೆಗೆ 13 ಅಕ್ಷರ ಬರುತ್ತವೆ. ಆ ಅರ್ಧ ಗಂಟೆಯಲ್ಲಿ ಬೆಲೆ ಮುಟ್ಟಿದ ಪ್ರತಿ ಸಾಲಿನಲ್ಲೂ ಆ ಅಕ್ಷರವನ್ನು ಒಮ್ಮೆ, ಒಮ್ಮೆ ಮಾತ್ರ, ಬರೆಯಬೇಕು. ಒಂದೇ ಅರ್ಧ ಗಂಟೆಯಲ್ಲಿ ಬೆಲೆ ಅದೇ ಸಾಲಿಗೆ ಹತ್ತು ಸಲ ಬಂದರೂ ಅಕ್ಷರ ಒಂದೇ. ಎಲ್ಲ ಅಕ್ಷರಗಳನ್ನೂ ಎಡಕ್ಕೆ ತಳ್ಳಿ ಜೋಡಿಸಿದರೆ ಪ್ರೊಫೈಲ್ ಸಿದ್ಧ. ಈ ಒಂದೊಂದು ಅಕ್ಷರವನ್ನೇ ಟಿಪಿಒ, ಅಂದರೆ ಟೈಮ್ ಪ್ರೈಸ್ ಆಪರ್ಚುನಿಟಿ ಅನ್ನುತ್ತಾರೆ. ಇಲ್ಲಿ ಎಣಿಸುತ್ತಿರುವುದು ಸಮಯವನ್ನು, ವಾಲ್ಯೂಮನ್ನು ಅಲ್ಲ. ವಾಲ್ಯೂಮ್ ಪ್ರೊಫೈಲ್ ಬೇರೆ ಚಾರ್ಟು, ಅದರ ಗೆರೆಗಳು ಇದರ ಗೆರೆಗಳ ಮೇಲೆಯೇ ಬರಬೇಕು ಅಂತೇನಿಲ್ಲ.

ಉದಾಹರಣೆಗೆ ಒಂದು ಇಂಡೆಕ್ಸ್ ಫ್ಯೂಚರ್ ತೆಗೆದುಕೊಳ್ಳೋಣ. ಲೆಕ್ಕ ಸುಲಭವಾಗಲಿ ಅಂತ ಬೆಲೆ 5 ಅಂಕಗಳ ಹೆಜ್ಜೆಯಲ್ಲೇ ಓಡಾಡುತ್ತದೆ ಅಂದುಕೊಳ್ಳಿ. ಮೊದಲ ದಿನ A ಅವಧಿಯಲ್ಲಿ ಬೆಲೆ 5015 ಇಂದ 5035 ವರೆಗೆ ಓಡಾಡಿತು. B ಯಲ್ಲಿ 5010 ಇಂದ 5030. C ಯಲ್ಲಿ 5015 ಇಂದ 5030. D ಯಲ್ಲಿ ಮೊದಲ ಬಾರಿ 5040 ಮುಟ್ಟಿತು. ಆಮೇಲೆ ಇಡೀ ದಿನ 5025ಕ್ಕಿಂತ ಕೆಳಗೆ ಬರಲೇ ಇಲ್ಲ, I ಅವಧಿಯಲ್ಲಿ 5050ಕ್ಕೆ ಹೋಗಿ ವಾಪಸ್ ಬಂತು. ದಿನ ಮುಗಿದ ಮೇಲೆ ಹೀಗೆ ಕಾಣುತ್ತದೆ:

```
5050  I
5045  EFIJL
5040  DEFGHIJKLM
5035  ADEFGHIJKLM
5030  ABCDEFGHIJKLM
5025  ABCDEGHK
5020  ABCD
5015  ABC
5010  B
```

ಇದನ್ನು ಒಂದು ನಿಮಿಷ ಸುಮ್ನೆ ನೋಡಿ. 5030ರ ಸಾಲಿನಲ್ಲಿ ಎಲ್ಲ 13 ಅಕ್ಷರಗಳೂ ಇವೆ, ಅಂದರೆ ದಿನದ ಪ್ರತಿ ಅರ್ಧ ಗಂಟೆಯಲ್ಲೂ ಬೆಲೆ ಅಲ್ಲಿಗೆ ಬಂದಿದೆ. 5015ರಲ್ಲಿ ಬೆಳಗಿನ ಮೂರು ಅಕ್ಷರ ಮಾತ್ರ. ಕ್ಯಾಂಡಲ್ ಚಾರ್ಟಿನಲ್ಲಿ ಇದೇ ದಿನ ಅಡ್ಡಾದಿಡ್ಡಿಯಾಗಿ ಕಾಣುತ್ತದೆ, ಇಲ್ಲಿ ಒಪ್ಪಿಗೆ ಎಲ್ಲಿತ್ತು ಅನ್ನುವುದು ನೇರವಾಗಿ ಕಣ್ಣಿಗೆ ಬೀಳುತ್ತದೆ.

ಸಾಲಿನ ಅಳತೆ ಎಷ್ಟಿರಬೇಕು ಅನ್ನುವುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ತೀರಾ ಸಣ್ಣದಾದರೆ ಪ್ರೊಫೈಲ್ ಉದ್ದಕ್ಕೆ ತೆಳ್ಳಗೆ ಹೋಗಿ ಎಲ್ಲೂ ಉಬ್ಬು ಕಾಣುವುದಿಲ್ಲ, ತೀರಾ ದೊಡ್ಡದಾದರೆ ಎಲ್ಲ ಅಕ್ಷರವೂ ನಾಲ್ಕೇ ಸಾಲಿನಲ್ಲಿ ತುಂಬಿಕೊಳ್ಳುತ್ತದೆ. ಸಾಧಾರಣ ದಿನದಲ್ಲಿ ಇಪ್ಪತ್ತರಿಂದ ನಲವತ್ತು ಸಾಲು ಬರುವ ಹಾಗೆ ಇಟ್ಟುಕೊಳ್ಳುವುದು ನನ್ನ ಪದ್ಧತಿ. ಮೇಲಿನ ಉದಾಹರಣೆಯಲ್ಲಿ ಒಂಬತ್ತೇ ಸಾಲು ಇರುವುದು ಕೈಲೆಕ್ಕಕ್ಕೆ ಅನುಕೂಲ ಅಂತ ಅಷ್ಟೇ. ಒಮ್ಮೆ ಅಳತೆ ಆರಿಸಿದ ಮೇಲೆ ದಿನಕ್ಕೊಂದು ಸಲ ಬದಲಾಯಿಸಬೇಡಿ, ನಿನ್ನೆಯನ್ನೂ ಇವತ್ತನ್ನೂ ಹೋಲಿಸಲು ಆಗುವುದಿಲ್ಲ.

## ಪಿಒಸಿ ಮತ್ತು ವ್ಯಾಲ್ಯೂ ಏರಿಯಾ ಲೆಕ್ಕ

ಎಲ್ಲಕ್ಕಿಂತ ಉದ್ದದ ಸಾಲೇ ಪಾಯಿಂಟ್ ಆಫ್ ಕಂಟ್ರೋಲ್, ಚಿಕ್ಕದಾಗಿ ಪಿಒಸಿ. ಇಲ್ಲಿ ಅದು 5030. ಎರಡು ಸಾಲು ಸಮ ಉದ್ದ ಇದ್ದರೆ ದಿನದ ರೇಂಜಿನ ಮಧ್ಯಕ್ಕೆ ಹತ್ತಿರ ಇರುವುದನ್ನು ತೆಗೆದುಕೊಳ್ಳುವುದು ರೂಢಿ.

ಈಗ ಅಕ್ಷರಗಳನ್ನು ಎಣಿಸಿ. ಮೇಲಿಂದ ಕೆಳಕ್ಕೆ 1, 5, 10, 11, 13, 8, 4, 3, 1. ಒಟ್ಟು 56. ವ್ಯಾಲ್ಯೂ ಏರಿಯಾ ಅಂದರೆ ಇದರ 70% ಅಕ್ಷರಗಳು ಇರುವ ಭಾಗ. 56ರ 70% ಅಂದರೆ 39.2, ಹಾಗಾಗಿ ಕನಿಷ್ಠ 40 ಅಕ್ಷರ ಬೇಕು. 70% ಯಾಕೆ ಅಂದರೆ, ಗಂಟೆಯಾಕಾರದ ಸಾಮಾನ್ಯ ಹಂಚಿಕೆಯಲ್ಲಿ ಸರಾಸರಿಯ ಎರಡೂ ಕಡೆ ಒಂದೊಂದು ಸ್ಟ್ಯಾಂಡರ್ಡ್ ಡೀವಿಯೇಶನ್ ಒಳಗೆ ಸುಮಾರು 68% ಬೀಳುತ್ತದೆ, ಅದನ್ನೇ ದುಂಡು ಮಾಡಿಕೊಂಡಿದ್ದಾರೆ. ಅದರಾಚೆ ಈ ಸಂಖ್ಯೆಗೆ ಬೇರೆ ಮಹಿಮೆ ಇಲ್ಲ.

ಹಳೆಯ ವಿಧಾನದಲ್ಲಿ ಪಿಒಸಿಯಿಂದ ಶುರು ಮಾಡಿ ಮೇಲಿನ ಎರಡು ಸಾಲು ಕೂಡಿಸಿ, ಕೆಳಗಿನ ಎರಡು ಸಾಲು ಕೂಡಿಸಿ, ಯಾವುದು ದೊಡ್ಡದೋ ಅದನ್ನು ಸೇರಿಸಿಕೊಳ್ಳಬೇಕು. ನಮ್ಮ ಲೆಕ್ಕದಲ್ಲಿ ಪಿಒಸಿಯ 13 ಕೈಯಲ್ಲಿದೆ. ಮೇಲಿನ ಎರಡು ಸಾಲು 11 ಮತ್ತು 10, ಒಟ್ಟು 21. ಕೆಳಗಿನ ಎರಡು 8 ಮತ್ತು 4, ಒಟ್ಟು 12. ಮೇಲಿನದು ಗೆದ್ದಿತು, ಈಗ 34 ಆಯಿತು. ಮತ್ತೆ ಮೇಲೆ ನೋಡಿದರೆ 5 ಮತ್ತು 1, ಆರೇ ಆರು. ಕೆಳಗೆ ಇನ್ನೂ 12 ಇದೆ. ಅದನ್ನು ಸೇರಿಸಿದರೆ 46. 40 ದಾಟಿತು, ಲೆಕ್ಕ ಮುಗಿಯಿತು. ವ್ಯಾಲ್ಯೂ ಏರಿಯಾ 5020 ಇಂದ 5040.

ಆದರೆ ಕೆಲವು ಸಾಫ್ಟ್‌ವೇರ್‌ಗಳು ಎರಡೆರಡು ಸಾಲಿನ ಬದಲು ಒಂದೊಂದೇ ಸಾಲು ಸೇರಿಸುತ್ತವೆ. ಹಾಗೆ ಮಾಡಿದರೆ 13ಕ್ಕೆ 11 ಸೇರಿ 24, ಆಮೇಲೆ 10 ಸೇರಿ 34, ಆಮೇಲೆ ಮೇಲಿನ 5ಕ್ಕಿಂತ ಕೆಳಗಿನ 8 ದೊಡ್ಡದಾದ್ದರಿಂದ ಅದು ಸೇರಿ 42. ಈಗ ವ್ಯಾಲ್ಯೂ ಏರಿಯಾ 5025 ಇಂದ 5040. ಅಕ್ಷರಗಳು ಅವೇ, ಕೆಳಗಿನ ಅಂಚು ಮಾತ್ರ 5 ಅಂಕ ಬೇರೆ. ಇಬ್ಬರು ಟ್ರೇಡರ್‌ಗಳ ಗೆರೆ ಹೊಂದುತ್ತಿಲ್ಲ ಅಂತ ಜಗಳ ಆಗುವುದು ಸಾಮಾನ್ಯವಾಗಿ ಇಲ್ಲೇ. ಇಬ್ಬರೂ ಸರಿ. ನಿಮ್ಮ ಸಾಫ್ಟ್‌ವೇರ್ ಯಾವ ದಾರಿ ಹಿಡಿಯುತ್ತದೆ ಅಂತ ಒಂದು ದಿನದ ಅಕ್ಷರಗಳನ್ನು ಕೈಯಲ್ಲಿ ಎಣಿಸಿ ಪರೀಕ್ಷಿಸಿಕೊಳ್ಳಿ, ಆಮೇಲೆ ಅದನ್ನೇ ಹಿಡಿದುಕೊಳ್ಳಿ. ಮುಂದಿನ ಲೆಕ್ಕಕ್ಕೆ ನಾನು ಒಂದೊಂದು ಸಾಲಿನ ವಿಧಾನ ಬಳಸುತ್ತೇನೆ. ಮೇಲಂಚು 5040, ಕೆಳಗಿನ ಅಂಚು 5025. ಸ್ಕ್ರೀನ್ ಮೇಲೆ ಇವು VAH ಮತ್ತು VAL ಅಂತ ಕಾಣುತ್ತವೆ. ಇದರಿಂದಲೇ ಇನ್ನೊಂದು ಮಾತೂ ಗೊತ್ತಾಗುತ್ತದೆ ಅಲ್ವಾ, ಈ ಅಂಚುಗಳು ಒಂದು ಟಿಕ್‌ನಷ್ಟು ಕರಾರುವಾಕ್ಕಾದ ಗೋಡೆಗಳಲ್ಲ. ಅಂಚಿಗೆ ಸರಿಯಾಗಿ ಒಂದು ಟಿಕ್ ಆಚೆ ಸ್ಟಾಪ್ ಲಾಸ್ ಇಡುವುದರಲ್ಲಿ ಅರ್ಥವಿಲ್ಲ.

## ಇನಿಶಿಯಲ್ ಬ್ಯಾಲೆನ್ಸ್

A ಮತ್ತು B ಎರಡೂ ಸೇರಿ ಮೊದಲ ಒಂದು ಗಂಟೆಯ ರೇಂಜ್. ಇದೇ ಇನಿಶಿಯಲ್ ಬ್ಯಾಲೆನ್ಸ್. ನಮ್ಮ ಮೊದಲ ದಿನ ಅದು 5010 ಇಂದ 5035, ಅಂದರೆ 25 ಅಂಕ. ಮೊದಲ ಗಂಟೆಯಲ್ಲಿ ಸಾಮಾನ್ಯವಾಗಿ ಚಿಕ್ಕ ಅವಧಿಯ ಟ್ರೇಡರ್‌ಗಳೇ ಎರಡೂ ಕಡೆ ವ್ಯವಹಾರ ಮಾಡಿ ಒಂದು ತಾತ್ಕಾಲಿಕ ಸಮತೋಲ ಹುಡುಕಿಕೊಳ್ಳುತ್ತಾರೆ ಅನ್ನುವುದು ಇದರ ಹಿಂದಿನ ಊಹೆ. ಆಮೇಲೆ ಬೆಲೆ ಆ ರೇಂಜನ್ನು ಒಡೆದು ಹೊರಗೆ ಹೋದರೆ ಅದು ರೇಂಜ್ ಎಕ್ಸ್‌ಟೆನ್ಶನ್. ಅಂದರೆ ಇನ್ನೂ ದೊಡ್ಡ ಲೆಕ್ಕಾಚಾರದ ಯಾರೋ ಒಂದು ಕಡೆಯಿಂದ ಕೈ ಹಾಕಿದ್ದಾರೆ. ಮೊದಲ ದಿನ D ಯಲ್ಲಿ 5040ಕ್ಕೆ ಹೋದದ್ದೇ ಮೊದಲ ಎಕ್ಸ್‌ಟೆನ್ಶನ್, ಕೊನೆಗೆ 5050 ವರೆಗೆ, ಒಟ್ಟು 15 ಅಂಕ.

ಇನಿಶಿಯಲ್ ಬ್ಯಾಲೆನ್ಸ್ ಎಷ್ಟು ಅಗಲ ಅನ್ನುವುದನ್ನು ಅದೇ ಮಾರುಕಟ್ಟೆಯ ಹಿಂದಿನ ಕೆಲವು ವಾರಗಳ ಸರಾಸರಿಯ ಜೊತೆ ಹೋಲಿಸಬೇಕು. ಸರಾಸರಿಗಿಂತ ಬಹಳ ಕಿರಿದಾಗಿದ್ದರೆ ಅದು ಒಡೆಯುವ ಸಂಭವ ಜಾಸ್ತಿ. ತಳ ಕಿರಿದಾದ ದಿನಗಳಲ್ಲಿ ಟ್ರೆಂಡ್ ಹುಟ್ಟುವುದೂ ಹೆಚ್ಚು. ಬಹಳ ಅಗಲವಾಗಿದ್ದರೆ ದಿನದ ಹೆಚ್ಚಿನ ಓಡಾಟ ಆಗಲೇ ಮುಗಿದಿರಬಹುದು, ಒಡೆದರೂ ಹೆಚ್ಚು ದೂರ ಹೋಗದೆ ಇರಬಹುದು.

ಒಂದು ಮಿತಿ ಇದೆ. ಈ ಮೊದಲ ಗಂಟೆಗೆ ಅರ್ಥ ಬರುವುದು ನಿಜವಾದ ಓಪನಿಂಗ್ ಇರುವ ಮಾರುಕಟ್ಟೆಯಲ್ಲಿ. ಇಪ್ಪತ್ತನಾಲ್ಕು ಗಂಟೆ ನಡೆಯುವ ಕರೆನ್ಸಿ ಅಥವಾ ಕ್ರಿಪ್ಟೋದಲ್ಲಿ ಮಧ್ಯರಾತ್ರಿಯಿಂದ A ಶುರು ಮಾಡಿದರೆ ಬರುವ ಇನಿಶಿಯಲ್ ಬ್ಯಾಲೆನ್ಸ್‌ಗೆ ಯಾವ ಬೆಲೆಯೂ ಇಲ್ಲ. ಅಂಥ ಕಡೆ ವಾಲ್ಯೂಮ್ ನಿಜವಾಗಿ ಏರುವ ಹೊತ್ತನ್ನು ಓಪನಿಂಗ್ ಅಂತ ಹಿಡಿದು, ಆ ಸೆಶನ್‌ಗೆ ಮಾತ್ರ ಪ್ರೊಫೈಲ್ ಕಟ್ಟಬೇಕು. ಫ್ಯೂಚರ್ಸ್‌ನಲ್ಲೂ ರಾತ್ರಿಯ ಸೆಶನ್ ಮತ್ತು ಹಗಲಿನ ಸೆಶನ್ ಒಂದೇ ಪ್ರೊಫೈಲ್‌ಗೆ ಸೇರಿಕೊಂಡಿದ್ದರೆ ಮೊದಲು ಅದನ್ನು ಬೇರೆ ಮಾಡಿ. ಗೆರೆಗಳು ವಿಚಿತ್ರವಾಗಿ ಕಾಣುತ್ತಿವೆ ಅಂದರೆ ನಾನು ಮೊದಲು ನೋಡುವುದು ಈ ಸೆಶನ್ ಸೆಟ್ಟಿಂಗನ್ನೇ.

## ಎರಡನೇ ದಿನ: ಹೊರಗೆ ತೆರೆದು ಒಳಗೆ ಬಂದಾಗ

ಬೆಳಿಗ್ಗೆ ಕೈಯಲ್ಲಿ ಇರಬೇಕಾದದ್ದು ನಿನ್ನೆಯ ಮೇಲಂಚು 5040, ಪಿಒಸಿ 5030, ಕೆಳಗಿನ ಅಂಚು 5025. ಜೊತೆಗೆ ನಿನ್ನೆಯ ಹೈ 5050 ಮತ್ತು ಲೋ 5010. ಬೆಲ್ ಆದ ಕೂಡಲೇ ಕೇಳಬೇಕಾದ ಮೊದಲ ಪ್ರಶ್ನೆ, ಬೆಲೆ ವ್ಯಾಲ್ಯೂ ಒಳಗೆ ತೆರೆಯಿತೋ ಹೊರಗೋ? ಒಳಗೆ ತೆರೆದರೆ ನಿನ್ನೆಯ ಒಪ್ಪಂದವೇ ಮುಂದುವರಿದಿದೆ, ಅವಸರ ಬೇಡ. ಹೊರಗೆ ತೆರೆದರೆ ಮಾರುಕಟ್ಟೆ ಹೊಸ ಬೆಲೆಯನ್ನು ಮುಂದಿಡುತ್ತಿದೆ, ಅದಕ್ಕೆ ಒಪ್ಪಿಗೆ ಸಿಗುತ್ತದೋ ಇಲ್ಲವೋ ನೋಡಬೇಕು.

ಎರಡನೇ ದಿನ 5045ಕ್ಕೆ ತೆರೆಯಿತು. ವ್ಯಾಲ್ಯೂಗಿಂತ ಮೇಲೆ, ಆದರೆ ನಿನ್ನೆಯ ರೇಂಜಿನ ಒಳಗೆ. A ಅವಧಿಯಲ್ಲಿ 5055 ವರೆಗೆ ಹೋಗಿ ನಿನ್ನೆಯ ಹೈ ಮುರಿಯಿತು. ಆದರೆ ಅಲ್ಲಿ ನಿಲ್ಲಲಿಲ್ಲ, 5040 ಮುಟ್ಟಿ 5045ರಲ್ಲಿ ಅವಧಿ ಮುಗಿಸಿತು. B ಯಲ್ಲಿ 5045 ಇಂದ 5030ಕ್ಕೆ ಇಳಿದು 5035ರಲ್ಲಿ ಮುಗಿಯಿತು. C ಯಲ್ಲಿ 5040 ಮತ್ತು 5025ರ ನಡುವೆ ಓಡಾಡಿ 5030ರಲ್ಲಿ ಮುಗಿಯಿತು.

ಇಲ್ಲಿ ಬಳಸುವುದು ಟ್ರೇಡರ್‌ಗಳು 80% ನಿಯಮ ಅಂತ ಕರೆಯುವ ಸೂತ್ರ. ವ್ಯಾಲ್ಯೂ ಹೊರಗೆ ತೆರೆದ ಬೆಲೆ ಒಳಗೆ ಬಂದು ಸತತ ಎರಡು ಅರ್ಧ ಗಂಟೆ ಅಲ್ಲೇ ಉಳಿದರೆ, ಅದು ಏರಿಯಾದ ಇನ್ನೊಂದು ಅಂಚಿನವರೆಗೆ ಹೋಗುವ ಸಂಭವ ಹೆಚ್ಚು ಅನ್ನುತ್ತದೆ ಆ ನಿಯಮ. ಹೆಸರಿನಲ್ಲಿರುವ 80% ಅನ್ನು ಗ್ಯಾರಂಟಿ ಅಂತ ತಿಳಿಯಬೇಡಿ. ಕೆಲವರು ಒಳಗೆ ಅಕ್ಷರ ಬಿದ್ದರೆ ಸಾಕು ಅನ್ನುತ್ತಾರೆ, ಕೆಲವರು ಎರಡೂ ಅವಧಿ ಒಳಗೇ ಕ್ಲೋಸ್ ಆಗಬೇಕು ಅನ್ನುತ್ತಾರೆ. ನನಗೆ ಎರಡನೆಯದೇ ಸರಿ ಅನಿಸುತ್ತದೆ, ಯಾಕಂದರೆ ನಮಗೆ ಬೇಕಾದದ್ದು ಒಪ್ಪಿಗೆ. ಮುಟ್ಟಿ ಓಡಿಹೋದದ್ದು ಒಪ್ಪಿಗೆ ಹೇಗಾಗುತ್ತದೆ?

B ಮತ್ತು C ಎರಡೂ ಒಳಗೆ ಮುಗಿದವು, ನಿಯಮ ಪೂರ್ತಿಯಾಯಿತು. ಜೊತೆಗೆ ಇವತ್ತಿನ ಇನಿಶಿಯಲ್ ಬ್ಯಾಲೆನ್ಸ್ 5030 ಇಂದ 5055, C ಯಲ್ಲಿ 5025 ಮುಟ್ಟಿದ್ದರಿಂದ ಕೆಳಮುಖ ರೇಂಜ್ ಎಕ್ಸ್‌ಟೆನ್ಶನ್ ಕೂಡ ಆಗಿದೆ. ಎರಡು ಸುಳಿವೂ ಒಂದೇ ಕಡೆ ತೋರಿಸುತ್ತಿವೆ.

ಬಹಳ ಜನ ಇಲ್ಲೇ 5030ಕ್ಕೆ ಶಾರ್ಟ್ ಮಾಡಿಬಿಡುತ್ತಾರೆ. ಲೆಕ್ಕ ಹಾಕಿ ನೋಡಿ. ಟಾರ್ಗೆಟ್ ಕೆಳಗಿನ ಅಂಚು 5025, ಅಂದರೆ 5 ಅಂಕ. ಸ್ಟಾಪ್ ಮೇಲಂಚಿನ ಆಚೆ 5050 ಅಂದರೆ 20 ಅಂಕ. ಐದು ಗಳಿಸಲು ಇಪ್ಪತ್ತು ಪಣಕ್ಕಿಟ್ಟ ಹಾಗಾಯಿತು. ಅದೂ ಅಲ್ಲದೆ C ಆಗಲೇ ಒಮ್ಮೆ 5025 ಮುಟ್ಟಿ ಬಂದಿದೆ. ನಿಯಮ ಸರಿಯಾಗಿದೆ, ಟ್ರೇಡ್ ತಪ್ಪು. ಖಚಿತವಾಗುವ ಹೊತ್ತಿಗೆ ದಾರಿಯ ಬಹುಪಾಲು ಮುಗಿದಿರುವುದು ಈ ನಿಯಮದ ದೊಡ್ಡ ದೌರ್ಬಲ್ಯ. ವ್ಯಾಲ್ಯೂ ಏರಿಯಾ ಕಿರಿದಾಗಿದ್ದಷ್ಟೂ ಇದು ಜಾಸ್ತಿ.

ಹಾಗಾದರೆ ಏನು ಮಾಡಬೇಕು? ಬೆಲೆ ಮೇಲಂಚಿನ ಹತ್ತಿರ ಮತ್ತೆ ಬರುವುದನ್ನು ಕಾಯಬೇಕು. 5040ರಲ್ಲಿ ಮಾರುವ ಲಿಮಿಟ್ ಆರ್ಡರ್, 5050ರಲ್ಲಿ ಸ್ಟಾಪ್. ಸ್ಟಾಪ್‌ಗೆ 5050 ಯಾಕೆ ಅಂದರೆ, B ಯಲ್ಲಿ ಬೆಲೆ ಮುಟ್ಟಿದ ಗರಿಷ್ಠ 5045. ಅದನ್ನೂ ದಾಟಿತು ಅಂದರೆ ಒಳಗೆ ಒಪ್ಪಿಗೆ ಸಿಕ್ಕಿದೆ ಅನ್ನುವ ನಮ್ಮ ವಾದವೇ ಬಿದ್ದುಹೋಯಿತು. ಈಗ ಪಣ 10 ಅಂಕ, 5025ರ ವರೆಗಿನ ಲಾಭ 15 ಅಂಕ. D ಅವಧಿ ಶುರುವಾಗಿ ಬೆಲೆ 5040ಕ್ಕೆ ಏರಿತು, ಅಲ್ಲಿ ಆರ್ಡರ್ ಸಿಕ್ಕಿತು ಅಂದುಕೊಳ್ಳಿ. ಆಮೇಲೆ ಅದೇ ಅವಧಿಯಲ್ಲಿ 5025ಕ್ಕೆ ಇಳಿಯಿತು, E ಯಲ್ಲಿ 5020 ಮುಟ್ಟಿತು. 5025ರ ಆರ್ಡರ್ D ಯಲ್ಲಿ ತುಂಬದೇ ಹೋಗಿದ್ದರೂ E ಯಲ್ಲಿ ಖಂಡಿತ ತುಂಬುತ್ತದೆ.

ಬೆಲೆ 5040ಕ್ಕೆ ಬರದೆ ನೇರ ಕೆಳಗೆ ಹೋಗಿಬಿಟ್ಟರೆ? ಬಿಟ್ಟುಬಿಡಿ. ಬೆನ್ನಟ್ಟಿ ಹೋದರೆ ಮತ್ತೆ ಅದೇ ಐದಕ್ಕೆ ಇಪ್ಪತ್ತರ ಲೆಕ್ಕಕ್ಕೆ ಬರುತ್ತೀರಿ. ಬ್ರೋಕರೇಜು, ಸ್ಲಿಪೇಜು ಕಳೆದ ಮೇಲೆ ಲಾಭದ ಅಂತರ ಪಣಕ್ಕಿಂತ ಜಾಸ್ತಿ ಉಳಿಯದಿದ್ದರೆ ನಾನು ಆ ದಿನ ಈ ಟ್ರೇಡನ್ನು ಮುಟ್ಟುವುದಿಲ್ಲ.

## ಕೆಲಸ ಮಾಡದ ದಿನ ಹೇಗೆ ಗೊತ್ತಾಗುತ್ತದೆ

ಶಾರ್ಟ್ ಹಿಡಿದ ಮೇಲೆ ಒಂದು ಅರ್ಧ ಗಂಟೆ 5040ರ ಮೇಲೆ ಕ್ಲೋಸ್ ಆದರೆ, ಸ್ಟಾಪ್ ಇನ್ನೂ ತಾಗದಿದ್ದರೂ, ಹೊರಗೆ ಬರುವುದು ಒಳ್ಳೆಯದು. ಒಳಗಿನ ಒಪ್ಪಿಗೆ ಮುರಿದಿದೆ ಅನ್ನುವುದಕ್ಕೆ ಅದೇ ಸಾಕ್ಷಿ.

ಇನ್ನೂ ಅಪಾಯದ ದಿನ ಬೇರೆ. ತೆರೆದ ಬೆಲೆಯಿಂದ ಒಂದೇ ದಿಕ್ಕಿಗೆ ಓಡಿ, ತೆರೆದ ಜಾಗಕ್ಕೆ ವಾಪಸ್ಸೇ ಬರದ ದಿನ. ಅಂಥ ದಿನ ಪ್ರೊಫೈಲ್ ದಪ್ಪ ಆಗುವುದೇ ಇಲ್ಲ. ಸಾಲಿಗೆ ಒಂದು ಎರಡು ಅಕ್ಷರ, ಪ್ರತಿ ಅವಧಿಯೂ ಹಿಂದಿನ ಅವಧಿಗಿಂತ ಆಚೆ. ನಮ್ಮ ಉದಾಹರಣೆಯಲ್ಲೇ A ಅವಧಿ 5055ರಲ್ಲಿ, B ಅವಧಿ 5065ರಲ್ಲಿ ಮುಗಿದಿದ್ದರೆ, 'ವ್ಯಾಲ್ಯೂ ಇಷ್ಟು ಕೆಳಗಿದೆ, ವಾಪಸ್ ಬರಲೇಬೇಕು' ಅಂತ ಶಾರ್ಟ್ ಮಾಡುವುದಕ್ಕೆ ಪ್ರೊಫೈಲ್‌ನಲ್ಲಿ ಆಧಾರವೇ ಇಲ್ಲ. ನಿಯಮದ ಮೊದಲ ಮಾತೇ ಬೆಲೆ ಒಳಗೆ ಬರಬೇಕು ಅನ್ನುವುದು.

ಮತ್ತೊಂದು, ಇವತ್ತಿನ ವ್ಯಾಲ್ಯೂ ಏರಿಯಾವನ್ನು ಬೆಳಿಗ್ಗೆಯೇ ನೋಡಿ ಟ್ರೇಡ್ ಮಾಡುವುದು. A, B, C ಮೂರೇ ಅಕ್ಷರ ಇರುವಾಗ ಸಾಫ್ಟ್‌ವೇರ್ 70% ಲೆಕ್ಕ ಹಾಕಿ ಗೆರೆ ಎಳೆದುಬಿಡುತ್ತದೆ, ಮುಂದಿನ ಅರ್ಧ ಗಂಟೆಯಲ್ಲಿ ಅದು ಹಾರಿ ಇನ್ನೆಲ್ಲೋ ಹೋಗಿರುತ್ತದೆ. ಬೆಳಗಿನ ಹೊತ್ತು ನಿನ್ನೆಯ ಗೆರೆಗಳೇ ಸಾಕು.

## ದಿನ ಮುಗಿದ ಮೇಲೆ

ಎರಡನೇ ದಿನ ಕೊನೆಗೆ ಹೀಗೆ ಮುಗಿಯಿತು:

```
5055  A
5050  A
5045  AB
5040  ABCD
5035  BCDE
5030  BCDEHIL
5025  CDEFGHIJKLM
5020  EFGHIJKLM
5015  FGHIJKLM
5010  FGJ
```

ಒಟ್ಟು 50 ಅಕ್ಷರ, 70% ಅಂದರೆ 35. ಪಿಒಸಿ 5025, ಅಲ್ಲಿ 11. ಕೆಳಗಿನ 9 ಸೇರಿ 20, ಮತ್ತೆ ಕೆಳಗಿನ 8 ಸೇರಿ 28, ಈಗ ಕೆಳಗಿನ 3ಕ್ಕಿಂತ ಮೇಲಿನ 7 ದೊಡ್ಡದು, ಸರಿಯಾಗಿ 35. ಹೊಸ ವ್ಯಾಲ್ಯೂ ಏರಿಯಾ 5015 ಇಂದ 5030. ನಿನ್ನೆಯದು 5025 ಇಂದ 5040 ಇತ್ತು. ಅರ್ಧ ಒಂದರ ಮೇಲೊಂದು ಬಿದ್ದಿದೆ, ಒಟ್ಟಾರೆ ಕೆಳಗೆ ಸರಿದಿದೆ.

ಎರಡು ತುದಿಗಳನ್ನೂ ನೋಡಿ. ಮೇಲೆ 5050 ಮತ್ತು 5055ರಲ್ಲಿ A ಒಂದೇ ಇದೆ. ತುದಿಯಲ್ಲಿ ಹೀಗೆ ಕನಿಷ್ಠ ಎರಡು ಸಾಲು ಒಂಟಿ ಅಕ್ಷರ ಬಂದರೆ ಅದನ್ನು ಟೇಲ್ ಅನ್ನುತ್ತಾರೆ. ಇಲ್ಲಿ ಮಾರುವವರು ಬೆಲೆಯನ್ನು ಬೇಗನೆ ತಳ್ಳಿದ್ದಾರೆ. ನಿನ್ನೆಯ 5050ರಲ್ಲಿ ಒಂದೇ ಸಾಲು ಇದ್ದದ್ದರಿಂದ ಅದನ್ನು ಟೇಲ್ ಅಂತ ಹಿಡಿಯಲಿಲ್ಲ. ಕೆಳಗೆ 5010ರಲ್ಲಿ ಮಾತ್ರ ಕಥೆ ಬೇರೆ. F, G, J ಮೂರು ಅವಧಿಗಳೂ ಅದೇ ಬೆಲೆಗೆ ಬಂದು ನಿಂತಿವೆ, ಟೇಲ್ ಇಲ್ಲ. ಕೊಳ್ಳುವವರು ಜೋರಾಗಿ ಬಂದು ತಳ್ಳಿದ್ದರೆ ಅಲ್ಲಿ ಒಂಟಿ ಅಕ್ಷರ ಇರಬೇಕಿತ್ತು. ಇದಕ್ಕೆ ಪೂರ್ ಲೋ ಅನ್ನುತ್ತಾರೆ, ಇಂಥ ತುದಿಗೆ ಬೆಲೆ ಮತ್ತೆ ಬಂದು ದಾಟಿ ನೋಡುವ ಸಂಭವ ಇರುತ್ತದೆ. ಅದಕ್ಕೇ 5010ರಲ್ಲಿ ಸ್ಟಾಪ್ ಇಟ್ಟು ಕೊಳ್ಳಲು ಹೊರಡುವುದು ನನಗೆ ಇಷ್ಟವಿಲ್ಲ, ಮತ್ತು ಮೂರನೇ ದಿನ 5015ರ ಕೆಳಗೆ ತೆರೆದರೆ ಮೊದಲ ಎರಡು ಅರ್ಧ ಗಂಟೆ 5010ರ ಸುತ್ತ ಏನಾಗುತ್ತದೆ ಅಂತ ನೋಡಿದ ಮೇಲೆಯೇ ವ್ಯಾಲ್ಯೂ ಒಳಗೆ ವಾಪಸ್ ಬರುವ ಟ್ರೇಡ್ ಬಗ್ಗೆ ಯೋಚಿಸುತ್ತೇನೆ.